ಕೇಳದಿದ್ದರೂ ತಯಾರಾಗುವ ರಕ್ತ

ರಕ್ತ ಕಡಿಮೆ ಇದೆ ಅಂದರೆ ಸಾಕು, ನಮ್ಮ ಮನೆಗಳಿಗೆ ಬೀಟ್‌ರೂಟ್, ಖರ್ಜೂರ, ಟಾನಿಕ್ ಎಲ್ಲ ಬಂದುಬಿಡುತ್ತದೆ. ರಕ್ತ ಜಾಸ್ತಿ ಇದೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನ ಸೋದರಮಾವನ ವಿಷಯದಲ್ಲಿ ಆಗಿದ್ದೂ ಅದೇ. ತಿಪಟೂರಿನ ಕಡೆ ಕೊಬ್ಬರಿ ವ್ಯಾಪಾರ ಅವರದು. ಸಕ್ಕರೆ ಕಾಯಿಲೆಯಿಲ್ಲ, ಬೀಡಿ ಸಿಗರೇಟಿನ ಅಭ್ಯಾಸವಿಲ್ಲ. ಬಿಪಿ ನೋಡಿಸಿಕೊಳ್ಳಲು ಹೋದಾಗ ಮಾಡಿಸಿದ ರಕ್ತ ಪರೀಕ್ಷೆಗಳಲ್ಲಿ ಹಿಮೋಗ್ಲೋಬಿನ್ ಕೆಲವು ವರ್ಷಗಳಿಂದ 17ರ ಆಸುಪಾಸಿನಲ್ಲೇ ಇತ್ತು. ಪ್ರತಿ ಸಲವೂ "ರಕ್ತ ಚೆನ್ನಾಗಿದೆ ಯಜಮಾನ್ರೇ" ಅನ್ನುವ ಮಾತೇ ಸಿಕ್ಕಿತು. ಮುಖ ಕೆಂಪಗಿದೆ ಅಂತ ನೆಂಟರು ಹೊಗಳುತ್ತಿದ್ದರು. ಸ್ನಾನ ಮಾಡಿ ಬಂದರೆ ಮೈಯೆಲ್ಲ ತುರಿಕೆ, ಅದಕ್ಕೆ ಪಿತ್ತ ಅಂತ ಒಂದು ಹೆಸರು ಕೊಟ್ಟಾಗಿತ್ತು.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವ ಪೆಥಾಲಜಿಸ್ಟ್. ಮಾವನ ಹಳೆಯ ರಿಪೋರ್ಟುಗಳೆಲ್ಲ ಒಟ್ಟಿಗೆ ನನ್ನ ಕೈಗೆ ಬಂದಾಗ ಅವರಿಗೆ 58 ವರ್ಷ. ಕೊನೆಯ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 17.8, ಪಿಸಿವಿ 54, ಕೆಂಪು ಕಣಗಳ ಎಣಿಕೆ 70 ಲಕ್ಷ. ಪಿಸಿವಿ ಅಂದರೆ 100 ಭಾಗ ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಭಾಗ ತುಂಬಿಕೊಂಡಿವೆ ಅನ್ನುವ ಲೆಕ್ಕ. ಇದನ್ನೇ ಹಿಮಾಟೋಕ್ರಿಟ್ ಅಂತಲೂ ಬರೆಯುತ್ತಾರೆ. ಗಂಡಸರಲ್ಲಿ ಹಿಮೋಗ್ಲೋಬಿನ್ 16.5 ಅಥವಾ ಪಿಸಿವಿ 49 ದಾಟಿ ಅಲ್ಲೇ ನಿಂತರೆ ಕಾರಣ ಹುಡುಕಬೇಕು. ಹೆಂಗಸರಲ್ಲಿ ಆ ಗಡಿ 16 ಮತ್ತು 48. ಒಂದು ಸಲ ಏರಿ ಇಳಿದರೆ ಗಾಬರಿ ಬೇಡ. ಬೇಸಿಗೆಯಲ್ಲಿ ಸರಿಯಾಗಿ ನೀರು ಕುಡಿಯದೆ ಪರೀಕ್ಷೆಗೆ ಹೋದರೂ ಇವು ಸ್ವಲ್ಪ ಮೇಲೆ ಬರುತ್ತವೆ. ಮಾವನದು ಹಾಗಿರಲಿಲ್ಲ. ಯಾವ ಕಾಲದ ರಿಪೋರ್ಟು ತೆಗೆದರೂ ಮೇಲೇ ಇತ್ತು. ಅದರಲ್ಲೂ ಸ್ವಲ್ಪ ಸ್ವಲ್ಪ ಏರುತ್ತಾ ಬಂದಿತ್ತು.

ಇಲ್ಲಿಂದ ಮುಂದಿನ ಪ್ರಶ್ನೆ ಒಂದೇ. ಇಷ್ಟು ರಕ್ತ ಬೇಕು ಅಂತ ದೇಹ ಕೇಳಿತ್ತಾ, ಇಲ್ಲವಾ?

ಕೇಳುವ ಕೆಲಸ ಮಾಡುವುದು ಕಿಡ್ನಿ. ತನ್ನ ಬಳಿಗೆ ಬರುವ ರಕ್ತದಲ್ಲಿ ಆಮ್ಲಜನಕ ಸಾಲದು ಅನ್ನಿಸಿದರೆ ಅದು ಎರಿಥ್ರೊಪೊಯೆಟಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ನಾವು ಸುಲಭಕ್ಕೆ ಇಪಿಒ ಅನ್ನುತ್ತೇವೆ. ಅದು ರಕ್ತದ ಜೊತೆ ಹರಿದು ಮೂಳೆಯೊಳಗಿನ ಮಜ್ಜೆಗೆ ಹೋಗುತ್ತದೆ, ಅಲ್ಲಿ ಬೆಳೆಯುತ್ತಿರುವ ಎಳೆಯ ಕೆಂಪು ಕಣಗಳಿಗೆ ಅಂಟಿಕೊಳ್ಳುತ್ತದೆ. ಆಗ ಅವು ಉಳಿದು, ಬೆಳೆದು, ರಕ್ತಕ್ಕೆ ಇಳಿಯುತ್ತವೆ. ಆಮ್ಲಜನಕ ಸಾಕಾದ ಮೇಲೆ ಕಿಡ್ನಿ ಇಪಿಒ ಕಡಿಮೆ ಮಾಡುತ್ತದೆ, ಮಜ್ಜೆಯ ಕೆಲಸವೂ ನಿಧಾನವಾಗುತ್ತದೆ.

ಮನೆಯ ಮೇಲಿನ ನೀರಿನ ಟ್ಯಾಂಕಿಗೂ ಇಂಥದ್ದೇ ಏರ್ಪಾಡು ಇರುತ್ತದಲ್ವಾ? ನೀರು ಇಳಿದರೆ ಟ್ಯಾಂಕಿನೊಳಗಿನ ಫ್ಲೋಟ್ ಸ್ವಿಚ್ಚು ಮೋಟಾರಿಗೆ ಹೇಳುತ್ತದೆ, ತುಂಬಿದರೆ ನಿಲ್ಲಿಸುತ್ತದೆ. ಟ್ಯಾಂಕು ತುಂಬಿ ಹರಿಯುತ್ತಿದ್ದರೆ ಎರಡರಲ್ಲಿ ಒಂದು ಆಗಿರಬೇಕು. ಫ್ಲೋಟೇ ಇನ್ನೂ ನೀರು ಬೇಕು ಅನ್ನುತ್ತಿರಬೇಕು. ಇಲ್ಲದಿದ್ದರೆ ಫ್ಲೋಟು ಸಾಕು ಅಂದಿದ್ದರೂ ಸ್ಟಾರ್ಟರಿನೊಳಗೆ ಏನೋ ಅಂಟಿಕೊಂಡು ಮೋಟಾರು ತನ್ನಷ್ಟಕ್ಕೇ ಓಡುತ್ತಿರಬೇಕು. ಇಪಿಒ ಪರೀಕ್ಷೆ ಹೇಳುವುದು ಫ್ಲೋಟಿನ ವಿಷಯ.

ಫ್ಲೋಟು ಬೇಕು ಅನ್ನುವ ಕಡೆ ಇಪಿಒ ಮಾಮೂಲಿ ಇರುತ್ತದೆ ಅಥವಾ ಜಾಸ್ತಿ ಇರುತ್ತದೆ. ಧೂಮಪಾನ, ಹಳೆಯ ಶ್ವಾಸಕೋಶದ ಕಾಯಿಲೆ, ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯ, ಲೇಹ್‌ನಂಥ ಎತ್ತರದ ಊರಿನ ವಾಸ, ಇವೆಲ್ಲ ಆ ಗುಂಪು. ಕಿಡ್ನಿಯ ಗಡ್ಡೆ ಕೂಡ ಅಪರೂಪಕ್ಕೆ ಇಪಿಒ ಸುರಿಸುತ್ತದೆ. ಟೆಸ್ಟೋಸ್ಟಿರೋನ್ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲೂ ರಕ್ತ ಏರುತ್ತದೆ. ಈಗ ಇನ್ನೊಂದು ಕಾರಣ ಆಗಾಗ ಕಾಣುತ್ತಿದೆ. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಪಿಸಿವಿಯನ್ನು ಕೆಲವು ಅಂಕ ಮೇಲೆತ್ತುತ್ತವೆ. ಅದಕ್ಕೇ ರಿಪೋರ್ಟಿನ ಜೊತೆ ಮಾತ್ರೆಗಳ ಚೀಟಿಯನ್ನೂ ಡಾಕ್ಟರಿಗೆ ತೋರಿಸಬೇಕು.

ಮಾವನ ಬೆರಳಿಗೆ ಹಾಕಿ ನೋಡಿದ ಆಮ್ಲಜನಕ 97 ಇತ್ತು. ಗೊರಕೆ ಇಲ್ಲ ಅಂತ ಅತ್ತೆ ಖಾತ್ರಿಯಾಗಿ ಹೇಳಿದರು. ಸ್ಕ್ಯಾನಿನಲ್ಲಿ ಕಿಡ್ನಿ ಚೆನ್ನಾಗಿತ್ತು, ಆದರೆ ಗುಲ್ಮ ಸ್ವಲ್ಪ ದೊಡ್ಡದಾಗಿತ್ತು. ಇಪಿಒ ಬಂದದ್ದು 1.8. ಆ ಲ್ಯಾಬಿನ ಮಾಮೂಲಿ ಮಟ್ಟ ಸುಮಾರು 4ರಿಂದ 26. ಅಂದರೆ ಕಿಡ್ನಿ ಬಾಯಿ ಮುಚ್ಚಿಕೊಂಡು ಕೂತಿದೆ. ಸಾಕು, ಇನ್ನು ಬೇಡ ಅನ್ನುತ್ತಿದೆ. ಆದರೂ ಮಜ್ಜೆ ನಿಲ್ಲಿಸುತ್ತಿಲ್ಲ.

ಈ ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು, ರಕ್ತ ತೆಗೆಯುವ ಚಿಕಿತ್ಸೆ ಶುರುವಾಗುವ ಮುಂಚೆಯೇ ಇಪಿಒ ಮಾಡಿಸಬೇಕು. ರಕ್ತ ತೆಗೆದರೆ ಕಿಡ್ನಿ ಎಚ್ಚೆತ್ತು ಇಪಿಒ ಏರಿಸುತ್ತದೆ, ಆಮೇಲೆ ಆ ಅಂಕೆಯಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು, ಇಪಿಒ ಮಾಮೂಲಿ ಬಂತು ಅಂದ ಮಾತ್ರಕ್ಕೆ ಮಜ್ಜೆಯದು ತಪ್ಪಿಲ್ಲ ಅಂತ ತೀರ್ಮಾನ ಮಾಡಬಾರದು. ಮಜ್ಜೆಯ ಕಾಯಿಲೆ ಇದ್ದೂ ಇಪಿಒ ಮಾಮೂಲಿ ಮಟ್ಟದ ಕೆಳ ಅಂಚಿನಲ್ಲಿ ನಿಲ್ಲುವವರು ಇದ್ದಾರೆ. ಕಡಿಮೆ ಬಂದರೆ ಮಾತ್ರ ಅದು ಗಟ್ಟಿ ಸುಳಿವು.

ಹಾಗಾದರೆ ಸ್ಟಾರ್ಟರಿನೊಳಗೆ ಅಂಟಿಕೊಂಡಿರುವುದು ಏನು? ಇದಕ್ಕೆ ಉತ್ತರ ಸಿಗಲು ತುಂಬಾ ಕಾಲ ಬೇಕಾಯಿತು. ಈ ಕಾಯಿಲೆಯನ್ನು ಪ್ಯಾರಿಸ್ಸಿನ ವೈದ್ಯ ಲೂಯಿ ಆನ್ರಿ ವಾಕೆ 1892ರಲ್ಲೇ ವಿವರಿಸಿದ್ದರು. ಪಾಲಿಸೈಥೀಮಿಯ ವೆರಾ ಅಂತ ಹೆಸರೂ ಬಂತು. ನಾವು ಪಿವಿ ಅನ್ನುತ್ತೇವೆ. 1974ರಲ್ಲಿ ಕೆನಡಾದಲ್ಲಿ ಪ್ರಚಾಲ್ ಮತ್ತು ಆಕ್ಸೆಲ್‌ರಾಡ್ ಅನ್ನುವವರು ಈ ರೋಗಿಗಳ ಮಜ್ಜೆಯ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದರು. ಬೇರೆಯವರ ಮಜ್ಜೆಯಿಂದ ಕೆಂಪು ಕಣ ಬೆಳೆಯಬೇಕಾದರೆ ತಟ್ಟೆಗೆ ಇಪಿಒ ಹಾಕಬೇಕಿತ್ತು. ಪಿವಿ ಇರುವವರ ಮಜ್ಜೆಗೆ ಹಾಕದಿದ್ದರೂ ಅವು ಬೆಳೆದವು. ಆ ಪ್ರಯೋಗ ನನಗೆ ಈಗಲೂ ಬಹಳ ಇಷ್ಟ. ಅಷ್ಟು ಸರಳ, ಅಷ್ಟು ಸ್ಪಷ್ಟ. ತಪ್ಪು ಇರುವುದು ಕಣದೊಳಗೇ ಅಂತ ಅಲ್ಲಿಗೆ ಗೊತ್ತಾಯಿತು. ಯಾವ ತಪ್ಪು ಅಂತ ತಿಳಿದದ್ದು 2005ರಲ್ಲಿ. ಪ್ಯಾರಿಸ್, ಕೇಂಬ್ರಿಜ್, ಬಾಸೆಲ್, ಬಾಸ್ಟನ್‌ಗಳಲ್ಲಿ ಕೆಲಸ ಮಾಡುತ್ತಿದ್ದ ನಾಲ್ಕು ತಂಡಗಳು ಒಂದೇ ವರ್ಷ ಅದೇ ಜಾಗಕ್ಕೆ ಬಂದು ನಿಂತವು.

ಇಪಿಒ ಅಂಟಿಕೊಳ್ಳುವ ಜಾಗ ಕಣದ ಹೊರಗಡೆ ಇದೆ. ಅದರ ಒಳಬದಿಗೆ ಜಾಕ್-2 ಅನ್ನುವ ಪ್ರೋಟೀನು ತಗುಲಿಕೊಂಡಿರುತ್ತದೆ. ಹೊರಗೆ ಇಪಿಒ ಅಂಟಿದಾಗ ಜಾಕ್-2 ಎದ್ದು ಕಣದೊಳಗೆ ಸುದ್ದಿ ಮುಟ್ಟಿಸುತ್ತದೆ. ಸುಮ್ನೆ ಇದ್ದಾಗ ಅದನ್ನು ಹಿಡಿದಿಡಲು ಅದೇ ಪ್ರೋಟೀನಿನಲ್ಲಿ ಒಂದು ಭಾಗವಿದೆ. ಆ ಹಿಡಿದಿಡುವ ಭಾಗದಲ್ಲಿ, 617ನೇ ಸ್ಥಾನದಲ್ಲಿ, ವ್ಯಾಲಿನ್ ಅನ್ನುವ ಅಮೈನೋ ಆಮ್ಲ ಇರಬೇಕು. ಈ ರೋಗಿಗಳಲ್ಲಿ ಅಲ್ಲಿ ಫಿನೈಲ್‌ಅಲನಿನ್ ಬಂದು ಕೂತಿರುತ್ತದೆ. ಜೀನಿನಲ್ಲಿ ಬದಲಾಗಿರುವುದು ಒಂದೇ ಒಂದು ಅಕ್ಷರ, ಜಿ ಇರುವ ಕಡೆ ಟಿ. ಅಷ್ಟಕ್ಕೇ ಹಿಡಿತ ತಪ್ಪುತ್ತದೆ. ಇಪಿಒ ಬರಲಿ ಬಿಡಲಿ, ಜಾಕ್-2 ಸುದ್ದಿ ಕಳಿಸುತ್ತಲೇ ಇರುತ್ತದೆ. ರಿಪೋರ್ಟಿನಲ್ಲಿ ಬರೆಯುವ ಜಾಕ್-2 ವಿ617ಎಫ್ ಇದೇ. ಪಿವಿ ಇರುವ 100 ಜನರಲ್ಲಿ ಸುಮಾರು 95 ಜನರಿಗೆ ಇದು ಸಿಗುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಅದೇ ಜೀನಿನ ಎಕ್ಸಾನ್ 12 ಅನ್ನುವ ಇನ್ನೊಂದು ತುಂಡಿನಲ್ಲಿ ಬದಲಾವಣೆ ಇರುತ್ತದೆ. ಆದ್ದರಿಂದ ಇಪಿಒ ಕಡಿಮೆ ಇದ್ದು ಮೊದಲ ಪರೀಕ್ಷೆ ನೆಗೆಟಿವ್ ಬಂದರೆ ಅಲ್ಲಿಗೇ ಬಿಡದೆ ಎಕ್ಸಾನ್ 12 ಕೂಡ ನೋಡಿಸಬೇಕು.

ಮಾವನ ರಿಪೋರ್ಟ್ ಪಾಸಿಟಿವ್ ಬಂತು. ಅದರ ಪಕ್ಕದಲ್ಲಿ 38 ಪರ್ಸೆಂಟ್ ಅಂತ ಇತ್ತು. ಇದನ್ನು ನೋಡಿ ಅವರ ಮಗಳು ಅಳುತ್ತಾ ಫೋನ್ ಮಾಡಿದಳು. "ಅಕ್ಕಾ, ಅಪ್ಪನ ರಕ್ತದಲ್ಲಿ 38 ಭಾಗ ಕ್ಯಾನ್ಸರಾ?" ಅಂತ ಕೇಳಿದಳು.

ಆ ಅಂಕೆಯ ಅರ್ಥ ಅದಲ್ಲ. ಪೂರ್ತಿ ಬೆಳೆದ ಕೆಂಪು ಕಣದಲ್ಲಿ ಜೀನುಗಳೇ ಇರುವುದಿಲ್ಲ, ಬೀಜಕೇಂದ್ರವನ್ನು ಅದು ಮಜ್ಜೆಯಲ್ಲೇ ಬಿಟ್ಟು ಬಂದಿರುತ್ತದೆ. ಹಾಗಾಗಿ ಈ ಪರೀಕ್ಷೆ ನಡೆಯುವುದು ಬಿಳಿ ಕಣಗಳ ಮೇಲೆ. ತೋಳಿನಿಂದ ತೆಗೆದ ಮಾಮೂಲಿ ರಕ್ತವೇ ಸಾಕು. ಕೆಂಪು ಕಣದ ಕಾಯಿಲೆಯನ್ನು ಬಿಳಿ ಕಣದಲ್ಲಿ ಹುಡುಕಬಹುದು ಯಾಕೆ ಅಂದರೆ, ಬದಲಾವಣೆ ಆಗಿರುವುದು ಇವೆರಡಕ್ಕೂ ತಾಯಿಯಾದ ಒಂದು ಕಾಂಡಕೋಶದಲ್ಲಿ. ಪ್ಲೇಟ್‌ಲೆಟ್ಟುಗಳೂ ಅದರ ಮಕ್ಕಳೇ. ಮಾವನ ಬಿಳಿ ಕಣ 12,600, ಪ್ಲೇಟ್‌ಲೆಟ್ 5.4 ಲಕ್ಷ ಇದ್ದದ್ದೂ ಅದಕ್ಕೇ. ಇನ್ನು 38 ಪರ್ಸೆಂಟ್ ಅಂದರೆ, ಪರೀಕ್ಷೆಗೆ ಸಿಕ್ಕ ಜಾಕ್-2 ಜೀನಿನ 100 ಪ್ರತಿಗಳಲ್ಲಿ 38 ಬದಲಾದವು. ಒಂದು ಕಣದಲ್ಲಿ ಈ ಜೀನಿನ ಎರಡು ಪ್ರತಿ ಇರುತ್ತವೆ. ಕೆಲವು ಕಣಗಳಲ್ಲಿ ಒಂದೇ ಬದಲಾಗಿರುತ್ತದೆ, ಕೆಲವುಗಳಲ್ಲಿ ಎರಡೂ. ಹೀಗಾಗಿ ಆ ಪರ್ಸೆಂಟಿನಿಂದ ಇಷ್ಟೇ ಕಣ ಕೆಟ್ಟಿದೆ ಅಂತ ನೇರವಾಗಿ ಹೇಳಲು ಆಗುವುದಿಲ್ಲ.

ಅವಳ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ ನಾನು ಸುಳ್ಳು ಹೇಳಲಿಲ್ಲ. ಪಿವಿಯನ್ನು ರಕ್ತದ ಕ್ಯಾನ್ಸರುಗಳ ಪಟ್ಟಿಯಲ್ಲೇ ಇಟ್ಟಿದ್ದಾರೆ. ಆದರೆ ಇದು ನಿಧಾನವಾಗಿ ನಡೆಯುವ ಕಾಯಿಲೆ, ಸರಿಯಾಗಿ ನೋಡಿಕೊಂಡರೆ ಹತ್ತಾರು ವರ್ಷ ಇದರ ಜೊತೆ ಬದುಕುವವರು ತುಂಬಾ ಜನ ಇದ್ದಾರೆ. "ನಮಗೂ ಬರುತ್ತಾ?" ಅಂತ ಕೇಳಿದಳು. ಈ ಬದಲಾವಣೆ ಅಪ್ಪ ಅಮ್ಮನಿಂದ ಬಂದದ್ದಲ್ಲ, ಹುಟ್ಟಿದ ಮೇಲೆ ಅಥವಾ ಹುಟ್ಟುವ ಸ್ವಲ್ಪ ಮುಂಚೆ ಮಜ್ಜೆಯ ಒಂದು ಕಣದಲ್ಲಿ ಆದದ್ದು. ಮಾವನ ಚರ್ಮದಲ್ಲಾಗಲಿ ಲಿವರಿನಲ್ಲಾಗಲಿ ಇದು ಇಲ್ಲ, ಮಕ್ಕಳಿಗೆ ದಾಟಿಸುವ ಕಣಗಳಲ್ಲೂ ಇಲ್ಲ. ಹತ್ತಿರದ ಸಂಬಂಧಿಗಳಲ್ಲಿ ಇಂಥ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಅನ್ನುವುದು ನಿಜ, ಆದರೂ ಅದು ಕಡಿಮೆಯೇ. ಮಾಮೂಲಿ ರಕ್ತ ಪರೀಕ್ಷೆ ಸರಿಯಿರುವಾಗ ಮಕ್ಕಳೆಲ್ಲ ಈ ಜೀನ್ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

ವಂಶದಲ್ಲಿ ಬರುವ ಬಗೆಯೂ ಒಂದಿದೆ, ಅದು ಬೇರೆ. ಫಿನ್ಲೆಂಡಿನ ಸ್ಕೀ ಓಟಗಾರ ಏರೊ ಮಾಂಟಿರಾಂಟ 1964ರ ಇನ್ಸ್‌ಬ್ರಕ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದವರು. ಅವರ ರಕ್ತ ಮೊದಲಿಂದಲೂ ಜಾಸ್ತಿ, ಮನೆತನದ ಹಲವರದ್ದೂ ಹಾಗೇ. 1993ರಲ್ಲಿ ಕಾರಣ ಸಿಕ್ಕಿತು. ಅವರಲ್ಲಿ ಜಾಕ್-2 ಸರಿಯಿತ್ತು. ಇಪಿಒ ಅಂಟಿಕೊಳ್ಳುವ ಜಾಗದ ಜೀನು ಹುಟ್ಟಿನಿಂದಲೇ ಬೇರೆ ಥರ ಇತ್ತು. ಚಿಕ್ಕ ವಯಸ್ಸಿನವರಲ್ಲಿ, ಮನೆಯಲ್ಲಿ ಇನ್ನೂ ಕೆಲವರಿಗೆ ಹಾಗೇ ಇದ್ದು, ಜಾಕ್-2 ನೆಗೆಟಿವ್ ಬಂದರೆ ಈ ಕಡೆ ಯೋಚಿಸಬೇಕು.

ಪಾಸಿಟಿವ್ ಅನ್ನುವ ಒಂದೇ ಪದದಿಂದ ಪಿವಿ ಅಂತ ಹೇಳಿಬಿಡುವವರನ್ನೂ ನೋಡಿದ್ದೇನೆ. ಅದೂ ಸರಿಯಲ್ಲ. ಪ್ಲೇಟ್‌ಲೆಟ್ ಮಾತ್ರ ಏರುವ ಇನ್ನೊಂದು ಕಾಯಿಲೆಯಲ್ಲೂ, ಮಜ್ಜೆ ನಾರಾಗುವ ಮೈಲೋಫೈಬ್ರೋಸಿಸ್‌ನಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಇದೇ ವಿ617ಎಫ್ ಇರುತ್ತದೆ. ತುಂಬಾ ಸೂಕ್ಷ್ಮವಾಗಿ ಹುಡುಕಿದರೆ ಯಾವ ತೊಂದರೆಯೂ ಇಲ್ಲದವರಲ್ಲೂ ಒಂದು ಪರ್ಸೆಂಟಿಗಿಂತ ಕಡಿಮೆ ಸಿಗಬಹುದು. ಒಬ್ಬರು ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುತ್ತಾರೆ, ಇಪಿಒ ಮಾಮೂಲಿ ಇದೆ, ಜಾಕ್-2 ಅರ್ಧ ಪರ್ಸೆಂಟ್ ಇದೆ ಅಂದರೆ ನಾನು ಮೊದಲು ಸಿಗರೇಟಿನ ಕಡೆ ನೋಡುತ್ತೇನೆ. ಮಾವನದು ಬೇರೆ. ಎಣಿಕೆ ಜಾಸ್ತಿ, ಇಪಿಒ ಕಡಿಮೆ, ಜೀನು ಬದಲಾಗಿದೆ, ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಆದರೂ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದರು. ಹಿಮೋಗ್ಲೋಬಿನ್ 18.5 ಅಥವಾ ಪಿಸಿವಿ 55.5 ದಾಟಿದ ಗಂಡಸರಲ್ಲಿ, ಉಳಿದ ಎರಡೂ ಇದ್ದರೆ, ಕೆಲವು ಸಲ ಇದನ್ನು ಬಿಡುತ್ತಾರೆ. ಮಾವ ಆ ಗಡಿಯ ಒಳಗಿದ್ದರು. ಮಜ್ಜೆಯಲ್ಲಿ ಮೂರೂ ಬಗೆಯ ಕಣಗಳು ಕಿಕ್ಕಿರಿದಿದ್ದವು. ನಾರು ಇನ್ನೂ ಇರಲಿಲ್ಲ. ಇದು ಗೊತ್ತಿದ್ದರೆ ಮುಂದೆ ಯಾವತ್ತಾದರೂ ಹೋಲಿಸಿ ನೋಡಲು ಅನುಕೂಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಮಾವನ ರಿಪೋರ್ಟಿನಲ್ಲಿ ಇನ್ನೆರಡು ಅಂಕೆ ಇದ್ದವು. ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 77, ದೇಹದ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ 9. ಎರಡೂ ಕಡಿಮೆ. ರಕ್ತ ಇಷ್ಟು ಜಾಸ್ತಿ ಇರುವವರಿಗೆ ಕಬ್ಬಿಣ ಕಡಿಮೆ ಹೇಗೆ? ಇರುವ ಕಬ್ಬಿಣವನ್ನೆಲ್ಲ ಮಜ್ಜೆ ಕೆಂಪು ಕಣಕ್ಕೇ ಸುರಿದಿರುತ್ತದೆ. ದಾಸ್ತಾನು ಖಾಲಿಯಾದ ಮೇಲೂ ಅದು ನಿಲ್ಲಿಸುವುದಿಲ್ಲ, ಇದ್ದಷ್ಟರಲ್ಲೇ ಚಿಕ್ಕ ಚಿಕ್ಕ ಕಣ ಮಾಡಿ ಕಳಿಸುತ್ತದೆ. ಕೆಲವರಲ್ಲಿ ಹೊಟ್ಟೆಯೊಳಗಿನ ಸಣ್ಣ ರಕ್ತಸ್ರಾವವೂ ಸೇರಿಕೊಳ್ಳುತ್ತದೆ.

ಇದು ಎರಡು ಥರ ದಾರಿ ತಪ್ಪಿಸುತ್ತದೆ. ಕಣಗಳ ಎಣಿಕೆ 65 ಲಕ್ಷ, ಎಂಸಿವಿ ಕಡಿಮೆ, ಹಿಮೋಗ್ಲೋಬಿನ್ ಮಾಮೂಲಿ ಅಂತ ಬಂದರೆ ಅದನ್ನು ಥಲಸ್ಸೀಮಿಯ ಟ್ರೈಟ್, ಅಂದರೆ ಅಪ್ಪ ಅಮ್ಮನಿಂದ ಬರುವ ಚಿಕ್ಕ ಕೆಂಪು ಕಣಗಳ ಗುಣ, ಅಂದುಕೊಳ್ಳುವುದು ಸುಲಭ. ಹೆಚ್ಚಿನ ಸಲ ಅದೇ ಆಗಿರುತ್ತದೆ ಕೂಡ. ಆದರೆ ಬಿಳಿ ಕಣ, ಪ್ಲೇಟ್‌ಲೆಟ್ಟು ಕೂಡ ಏರಿದ್ದರೆ, ಗುಲ್ಮ ಕೈಗೆ ಸಿಕ್ಕರೆ, ಹತ್ತು ವರ್ಷದ ಹಿಂದೆ ಎಂಸಿವಿ ಮಾಮೂಲಿ ಇತ್ತು ಅಂದರೆ, ಕಬ್ಬಿಣದ ಕೊರತೆಯ ಹಿಂದೆ ಪಿವಿ ಅಡಗಿರಬಹುದು. ಥಲಸ್ಸೀಮಿಯ ಟ್ರೈಟ್ ಹುಟ್ಟಿನಿಂದ ಇರುತ್ತದೆ, ನಡುವಯಸ್ಸಿನಲ್ಲಿ ಹೊಸದಾಗಿ ಬರುವುದಿಲ್ಲ. ಹಳೆಯ ರಿಪೋರ್ಟು ಎತ್ತಿಡುವುದರ ಬೆಲೆ ತಿಳಿಯುವುದು ಇಲ್ಲೇ.

ಇನ್ನೊಂದು ಅಪಾಯ ಕಬ್ಬಿಣದ ಮಾತ್ರೆ. ಫೆರಿಟಿನ್ 9 ನೋಡಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆದುಕೊಡುತ್ತಾರೆ. ಮಜ್ಜೆಗೆ ಬೇಕಾದ ಸಾಮಾನು ಸಿಕ್ಕಂತಾಗುತ್ತದೆ, ಕೆಲವೇ ವಾರಗಳಲ್ಲಿ ಪಿಸಿವಿ ಮೇಲೇರುತ್ತದೆ. ಮಾವನ ಫೈಲಿನ ಮೊದಲ ಹಾಳೆಯ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: ರಕ್ತದ ಡಾಕ್ಟರನ್ನು ಕೇಳದೆ ಕಬ್ಬಿಣ ಕೊಡಬೇಡಿ.

ಚಿಕಿತ್ಸೆ ಅರ್ಥವಾಗುವುದೂ ಈ ಕಬ್ಬಿಣದ ಲೆಕ್ಕದಿಂದಲೇ. ರಕ್ತನಿಧಿಯಲ್ಲಿ ಮಲಗಿಸಿ, ದಾನ ಕೊಡುವಾಗಿನಂತೆಯೇ 350 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಪಿಸಿವಿ 54 ಇರುವಾಗ ಅಷ್ಟು ರಕ್ತದಲ್ಲಿ ಸುಮಾರು 190 ಮಿಲಿಲೀಟರ್ ಕೆಂಪು ಕಣವೇ ಇರುತ್ತದೆ. ಒಂದು ಮಿಲಿಲೀಟರ್ ಕೆಂಪು ಕಣಕ್ಕೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಂ ಕಬ್ಬಿಣ. ಅಂದರೆ ಒಂದು ಸಲಕ್ಕೆ 190 ಮಿಲಿಗ್ರಾಂ ಹೊರಗೆ ಹೋಯಿತು. ಊಟದಿಂದ ನಮ್ಮ ಮೈಗೆ ಹತ್ತುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಮೊದಮೊದಲು ಪದೇ ಪದೇ ತೆಗೆಯಬೇಕಾಗುತ್ತದೆ. ಬರಬರುತ್ತಾ ಮಜ್ಜೆಗೆ ಸಾಮಾನು ಸಿಗದೆ ವೇಗ ತಗ್ಗುತ್ತದೆ, ತೆಗೆಯುವ ಸರದಿಗಳ ನಡುವೆ ತಿಂಗಳುಗಳು ಬರುತ್ತವೆ. ಸ್ಟಾರ್ಟರು ಅಂಟಿಕೊಂಡೇ ಇದೆ. ಕಬ್ಬಿಣ ಇಲ್ಲದೆ ಮೋಟಾರಿಗೆ ಎತ್ತಲು ಏನೂ ಸಿಗುತ್ತಿಲ್ಲ ಅಷ್ಟೇ. ಇದಕ್ಕೆ ಬೆಲೆಯೂ ಇದೆ. ಕಬ್ಬಿಣ ತೀರಾ ಕಡಿಮೆಯಾದರೆ ಸುಸ್ತು, ಕೂದಲು ಉದುರುವುದು, ಗಮನ ನಿಲ್ಲದಿರುವುದು ಎಲ್ಲ ಬರುತ್ತದೆ. ಅದು ಸಹಿಸಲು ಆಗದಷ್ಟಾದರೆ ಡಾಕ್ಟರು ದಾರಿ ಬದಲಿಸುತ್ತಾರೆ.

ತೆಗೆದ ರಕ್ತವನ್ನು ಬೇರೆಯವರಿಗೆ ಕೊಡಬಹುದಲ್ಲ ಅಂತ ಮಾವ ಕೇಳಿದ್ದರು. ಕೊಡುವುದಿಲ್ಲ. ಪಿವಿ ಇರುವವರ ರಕ್ತವನ್ನು ದಾನಕ್ಕೆ ತೆಗೆದುಕೊಳ್ಳುವುದಿಲ್ಲ, ಆ ಚೀಲವನ್ನು ನಿಯಮದ ಪ್ರಕಾರ ನಾಶ ಮಾಡುತ್ತಾರೆ. ಅವರಿಗೆ ಅದು ತುಂಬಾ ಬೇಜಾರಿನ ವಿಷಯವಾಗಿತ್ತು.

ಎಲ್ಲಿಯವರೆಗೆ ಇಳಿಸಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಉತ್ತರ ಇಟಲಿಯಿಂದ ಬಂದಿದೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 365 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪಿಸಿವಿಯನ್ನು 45ಕ್ಕಿಂತ ಕೆಳಗೆ, ಇನ್ನೊಂದರದ್ದು 45ರಿಂದ 50ರ ನಡುವೆ ಇಡಲು ನೋಡಿದರು. ಹೃದಯ ರಕ್ತನಾಳದ ಕಾರಣದ ಸಾವು ಅಥವಾ ದೊಡ್ಡ ಹೆಪ್ಪುಗಟ್ಟುವಿಕೆ ಮೊದಲ ಗುಂಪಿನಲ್ಲಿ 182 ಜನರಲ್ಲಿ 5 ಮಂದಿಗೆ ಆಯಿತು, ಎರಡನೆಯದರಲ್ಲಿ 183ರಲ್ಲಿ 18 ಮಂದಿಗೆ. ಪಿವಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಇದಕ್ಕೇ. ಮೆದುಳಿಗೆ, ಹೃದಯಕ್ಕೆ, ಕಾಲಿಗೆ, ಕೆಲವರಲ್ಲಿ ಲಿವರಿನ ರಕ್ತನಾಳಕ್ಕೆ ಹೆಪ್ಪು ಕೂರುತ್ತದೆ. ಪಿಸಿವಿ 47 ಬಂದಾಗ "ಮಾಮೂಲಿ ಮಟ್ಟದೊಳಗೇ ಇದೆಯಲ್ಲ" ಅಂತ ಬಿಡುವುದು ಪಿವಿ ಇರುವವರಿಗೆ ಹೊಂದುವುದಿಲ್ಲ. ಲ್ಯಾಬಿನ ಕಂಪ್ಯೂಟರು ಆ 47ಕ್ಕೆ ಯಾವ ಕೆಂಪು ಗುರುತೂ ಹಾಕುವುದಿಲ್ಲ, ಅದನ್ನು ನಾವೇ ಹಾಕಿಕೊಳ್ಳಬೇಕು.

ಹೆಪ್ಪು ತಡೆಯಲು ದಿನಾ ಚಿಕ್ಕ ಆಸ್ಪಿರಿನ್ ಕೂಡ ಕೊಡುತ್ತಾರೆ. ಮಾವನಿಗೆ 75 ಮಿಲಿಗ್ರಾಂ. ಪ್ಲೇಟ್‌ಲೆಟ್ 10 ಲಕ್ಷ ದಾಟಿದವರಲ್ಲಿ ಮಾತ್ರ ಶುರು ಮಾಡುವ ಮುಂಚೆ ಎಚ್ಚರ ಬೇಕು, ಅಷ್ಟು ಜಾಸ್ತಿಯಾದರೆ ತದ್ವಿರುದ್ಧವಾಗಿ ರಕ್ತಸ್ರಾವವೂ ಆಗಬಹುದು. ಸ್ನಾನದ ನಂತರದ ತುರಿಕೆ ಮಾವನಿಗೆ ಪೂರ್ತಿ ಹೋಗಿಲ್ಲ. ರಕ್ತ ತೆಗೆದರೂ ಅದು ಹಲವರಲ್ಲಿ ಉಳಿದುಬಿಡುತ್ತದೆ. ನೀರನ್ನು ಉಗುರುಬೆಚ್ಚಗೆ ಮಾಡಿ, ಉಜ್ಜದೆ ಒತ್ತಿ ಒರೆಸಿಕೊಂಡರೆ ಅವರಿಗೆ ಸ್ವಲ್ಪ ವಾಸಿ.

ಈಗ ಅವರ ಪಿಸಿವಿ 43, 44ರಲ್ಲಿದೆ. ನಾನು ಕಣ್ಣಿಟ್ಟಿರುವುದು ಇನ್ನೊಂದು ಬದಲಾವಣೆಯ ಮೇಲೆ. ರಕ್ತ ತೆಗೆಯುವ ಅಗತ್ಯ ತಾನಾಗಿಯೇ ನಿಂತು, ಹಿಮೋಗ್ಲೋಬಿನ್ ಇಳಿಯುತ್ತಾ, ಗುಲ್ಮ ದೊಡ್ಡದಾಗುತ್ತಾ, ತೂಕ ಕರಗುತ್ತಾ ಹೋದರೆ ಅದು ವಾಸಿಯಾದ ಲಕ್ಷಣ ಅಲ್ಲ, ಮಜ್ಜೆ ನಾರಾಗುತ್ತಿರುವ ಸೂಚನೆ ಇರಬಹುದು. ಎಲ್ಲರಿಗೂ ಆಗುವುದಿಲ್ಲ, ಆದರೂ ನೋಡುತ್ತಿರಬೇಕು.

ಅವರಿಗೆ ಬರುವ ಯುಗಾದಿಗೆ 60 ತುಂಬುತ್ತದೆ. 60 ದಾಟಿದವರಲ್ಲಿ, ಅಥವಾ ಮೊದಲೇ ಒಂದು ಸಲ ಹೆಪ್ಪುಗಟ್ಟಿದವರಲ್ಲಿ, ಅಪಾಯ ಜಾಸ್ತಿ. ಅಂಥವರಿಗೆ ಮಜ್ಜೆಯ ವೇಗವನ್ನೇ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಶುರು ಮಾಡುತ್ತಾರೆ. ಇಂಟರ್‌ಫೆರಾನ್ ಇಂಜೆಕ್ಷನ್ ಇನ್ನೊಂದು ದಾರಿ, ಖರ್ಚು ಜಾಸ್ತಿ. ಹೈಡ್ರಾಕ್ಸಿಯೂರಿಯಾ ಸಾಲದಿದ್ದರೆ ಅಥವಾ ಒಗ್ಗದಿದ್ದರೆ ಜಾಕ್-2ನ್ನೇ ತಡೆಯುವ ರುಕ್ಸೋಲಿಟಿನಿಬ್ ಇದೆ. "ಇಷ್ಟು ದಿನ ಬರೀ ರಕ್ತ ತೆಗೆದು ಸರಿಹೋಗಿದೆಯಲ್ಲಮ್ಮಾ, ಮಾತ್ರೆ ಯಾಕೆ?" ಅನ್ನುವುದು ಮಾವನ ತಕರಾರು. ಮುಂದಿನ ತಿಂಗಳು ರಕ್ತದ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ನಾನೂ ಹೋಗುತ್ತಿದ್ದೇನೆ, ಎಲ್ಲ ರಿಪೋರ್ಟುಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೇನೆ.